409ರ ಕೆಳಗಿನ ಸಾಲು

ಗಣಿ ಲಾರಿಗಳ ಕಾಲದಲ್ಲಿ ನಾನೂ ಗೆಳತಿಯೂ ಬಳ್ಳಾರಿಯ ಬಾಡಿಗೆ ಕೋಣೆಯೊಂದರಲ್ಲಿ ಪುಟ್ಟ ಎಪಿಐ ನಡೆಸುತ್ತಿದ್ದೆವು. ಲಾರಿ ತೂಗುವ ವೇಬ್ರಿಜ್‌ಗಳ ಕಂಪ್ಯೂಟರುಗಳು ಅದರ ಮೂಲಕ ಲಾರಿಯ ತೂಕವನ್ನು ನಮ್ಮ ಸರ್ವರಿಗೆ ಕಳಿಸುತ್ತಿದ್ದವು. ಬಳಸುವವರಿಗಾಗಿ ನಾನು ರೆಫರೆನ್ಸ್ ಪುಟ ಬರೆದೆ: ಯಾವ ವಿಳಾಸಕ್ಕೆ ಏನು ಕಳಿಸಬೇಕು, ಮಾದರಿ ಕೋರಿಕೆ, ತೂಕ ದಾಖಲಾದರೆ ಬರುವ 201 ಎಂಬ ಉತ್ತರದ ಕೋಡ್.

ಗೆಳತಿ ಓದಿ, "ಎಲ್ಲಾ ಚಲೋ ಆದ್ರ ಏನ್ ಬರತೈತಿ ಅಂತ ಬರದೀಯಲ್ಲ, ಕೆಟ್ಟಾಗ ಮಂದಿ ಏನ್ ಮಾಡಬೇಕು?" ಎಂದಳು.

ಇಬ್ಬರೂ ಕೂತು ದೋಷದ ಕೋಡ್‌ಗಳನ್ನು ಸೇರಿಸಿದೆವು. ಒಂದೇ ತೂಕ ಎರಡು ಸಲ ಬಂದರೆ ಸರ್ವರ್ ಕೊಡುವ 409ರ ಕೆಳಗೆ ಅವಳೇ ಹೇಳಿ ಬರೆಸಿದಳು: "ಈ ಚೀಟಿ ನಂಬರಿನ ತೂಕ ಆಗಲೇ ದಾಖಲಾಗಿದೆ. ಮತ್ತೆ ಕಳಿಸಬೇಡಿ. ಅದೇ ನಂಬರು ಕೊಟ್ಟು GET (ದಾಖಲೆ ತರಿಸುವ ಕೋರಿಕೆ) ಮಾಡಿ ನೋಡಿ."

ಮುಂದೊಂದು ಮಧ್ಯಾಹ್ನ ಸಿರುಗುಪ್ಪದ ಅಕ್ಕಿ ಗಿರಣಿಯ ಪ್ರೋಗ್ರಾಮರ್ ಫೋನ್ ಮಾಡಿದರು. ತೂಕ ಕಳಿಸಿದೊಡನೆ ನೆಟ್ ಹೋಗಿತ್ತಂತೆ, ಮತ್ತೆ ಕಳಿಸಿದರೆ 409. ಬೈಗುಳಕ್ಕೆ ಸಿದ್ಧಳಾದೆ.

"ನಿಮ್ಮ ಪುಟ ನೋಡಿ GET ಮಾಡಿದೆ ಮೇಡಂ, ತೂಕ ಸಿಕ್ತು. ನಿಂತಿದ್ದ ಲಾರಿ ಹೋತು. ಇಷ್ಟ ಹೇಳಾಕ ಫೋನ್ ಮಾಡೀನ್ರಿ."

ಪಕ್ಕದಲ್ಲೇ ಕೇಳಿಸಿಕೊಂಡ ಗೆಳತಿ, ಬೈಗುಳಕ್ಕೆ ಕಾದಿದ್ದ ನನ್ನ ಮುಖ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಈಗಲೂ ಯಾರದೇ ರೆಫರೆನ್ಸ್ ತೆರೆದರೂ ನಾನು ಮೊದಲು ದೋಷಗಳ ಭಾಗವನ್ನೇ ಓದುತ್ತೇನೆ.