ಸುಟ್ಟುಹಾಕಿದ ಔಷಧಿ ಚೀಟಿಗಳು

ಹೆಂಡತಿ ಆಸ್ಪತ್ರೆಯಲ್ಲಿ ತೀರಿಕೊಂಡು ಸೂತಕ ಕಳೆದ ಮೇಲೆ, ನಾನು ಕಟ್ಟಿದ್ದ ಬಿಲ್ಲಿನ ಹಣವನ್ನು ಇಲಾಖೆಯಿಂದ ಮರಳಿ ಪಡೆಯಲು ಕುಂದಾಪುರದ ಶಿಕ್ಷಣ ಕಚೇರಿಗೆ ಹೋದೆ. ಆಗ ನಾನು ಬೈಂದೂರು ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯ. ಬಿಲ್ಲುಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಜೋಡಿಸಿದ್ದೆ.

ಗುಮಾಸ್ತರು ಒಂದೊಂದಾಗಿ ತಿರುವಿದರು. "ಮಾಸ್ಟ್ರೇ, ಬಿಲ್ ಎಲ್ಲಾ ಒರಿಜಿನಲ್ಲೇ ಇತ್ತ್. ಡಾಕ್ಟ್ರ ಚೀಟಿ ಎಲ್ಲಿತ್ತ್?"

"ಮನೆ ಚೊಕ್ಕ ಮಾಡುವತಿಗೆ ಉಳ್ದ ಮದ್ದಿನ ಒಟ್ಟಿಗೆ ಸುಟ್ಟೆ."

"ಚೀಟಿ ಇಲ್ದೆ ಮಕ್ಳಿಗೆ ರಜೆ ಕೊಡ್ತ್ರಿಯಾ ನೀವ್?"

ನನಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ವೈದ್ಯರು ಆಸ್ಪತ್ರೆಯ ದಾಖಲೆ ನೋಡಿ, ಪ್ರಮಾಣಪತ್ರದಲ್ಲಿ ಪ್ರತಿ ಔಷಧಿಯ ಹೆಸರು ಬರೆದು, ಬಿಲ್ಲುಗಳ ಮೇಲೂ ಸಹಿ ಮತ್ತು ಮೊಹರು ಹಾಕಿಕೊಟ್ಟರೆ ಕಳಿಸಿ ನೋಡಬಹುದು ಎಂದು ಗುಮಾಸ್ತರೇ ದಾರಿ ಹೇಳಿದರು.

ಮರುದಿನವೇ ಆಸ್ಪತ್ರೆಗೆ ಹೋದೆ. ಸಹಿ ಹಾಕುತ್ತಿದ್ದ ವೈದ್ಯರು ಕೊನೆಯ ಬಿಲ್ಲಿನ ಬಳಿ ಪೆನ್ನು ನಿಲ್ಲಿಸಿದರು.

"ಈ ಇಂಜೆಕ್ಷನ್ ಕೊಟ್ಟದ್ದು ದಾಖಲೆಯಲ್ಲಿ ಇಲ್ಲ."

ಹೌದು, ಕೊಟ್ಟಿರಲಿಲ್ಲ. ನಾನು ಅದನ್ನು ಕೊಂಡು ಮಹಡಿ ಹತ್ತುವಷ್ಟರಲ್ಲಿ ಅವಳು ಹೋಗಿಯಾಗಿತ್ತು.

ಆ ಬಿಲ್ಲನ್ನು ತೆಗೆದು ಜೇಬಿನಲ್ಲಿಟ್ಟುಕೊಂಡೆ. ಮನೆಗೆ ಬಂದು ಉಳಿದವುಗಳ ಮೊತ್ತವನ್ನು ಹೊಸದಾಗಿ ಕೂಡಿ ಬರೆದೆ.