ಸಾವಂತ್ರವ್ವ ಮುಚ್ಚದೆ ಬಿಟ್ಟ ತೂತು

ಬಂಕಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸಾವಂತ್ರವ್ವನ ಖಾನಾವಳಿ ಇದೆ. ಬೋರ್ಡು ಗೀರ್ಡು ಏನೂ ಇಲ್ಲ. ರೊಟ್ಟಿ ಬಡಿಯುವ ಸಪ್ಪಳವೇ ಬೋರ್ಡು. ಹಸಿದವರಿಗೆ ಕಿವಿ ಇದ್ದೇ ಇರುತ್ತದೆ, ಬರುತ್ತಾರೆ.

ಈ ಸಾವಂತ್ರವ್ವನಿಗೆ ಜಗತ್ತಿನಲ್ಲಿ ಒಂದೇ ಒಂದು ವೈರಿ: ಸೋರುವುದು. ನಲ್ಲಿ ತೊಟಕ್ ತೊಟಕ್ ಅಂದರೆ ಅವಳಿಗೆ ಊಟ ಸೇರದು. ಬಕೆಟ್ಟಿಗೆ ಸೀಳು ಬಿದ್ದರೆ ಕಾದ ಕಬ್ಬಿಣದಿಂದ ಎಳೆದು ಬೆಸೆಯುವಳು. ಎಣ್ಣೆ ಡಬ್ಬಿ ಜಿನುಗಿದರೆ ಬಟ್ಟೆ ಸಾಬೂನು ತಿಕ್ಕಿ ಮುಚ್ಚುವಳು. ಮಳೆಗಾಲದ ಮೊದಲೇ ಸೀರೆಯ ಕಚ್ಚೆ ಬಿಗಿದು ತಾನೇ ಛಾವಣಿ ಹತ್ತಿ ಒಡೆದ ಹಂಚು ಬದಲಿಸುವಳು. ಓಣಿಯವರು, "ಸಾವಂತ್ರವ್ವನ ಮನಿಯಾಗ ಮುಗಿಲು ಸೋರಿದ್ರೂ ಆಕಿ ಏಣಿ ಹಚ್ಚತಾಳ" ಎಂದು ನಗುತ್ತಿದ್ದರು. ನಗಲಿ. ನಗುವವರಿಗೆ ಏನು ಗೊತ್ತು?

ಹತ್ತಿಮತ್ತೂರಿನಿಂದ ಸೊಸೆಯಾಗಿ ಬಂದ ವರ್ಷ ಈ ಮನೆ ಬುಟ್ಟಿಯ ಹಾಗೆ ಸೋರುತ್ತಿತ್ತು. ಗಂಡ ಪರಮೇಶ್ವರಪ್ಪ ನಾಳೆ ಹೊದಿಸಿದರಾಯಿತು ಎನ್ನುವ ಮನುಷ್ಯ. ಶ್ರಾವಣದ ಜಡಿಮಳೆಯಲ್ಲಿ ತೊಟ್ಟಿಲನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆದೆಳೆದು ಅವಳು ಸಾಕಾದಳು. ಚೊಚ್ಚಲ ಕೂಸಿನ ಎದೆಗೆ ಥಂಡಿ ಇಳಿಯಿತು. ಮಳೆ ನಿಲ್ಲುವ ಮೊದಲು ಕೂಸೇ ಹೋಯಿತು. ಅಂದಿನಿಂದ ಅವಳು ಅದರ ಹೆಸರು ಎತ್ತಲಿಲ್ಲ. ಬದಲಿಗೆ ತೂತುಗಳನ್ನು ಮುಚ್ಚತೊಡಗಿದಳು. ಮುಂದೆ ಮಕ್ಕಳಾಗಲಿಲ್ಲ, ಗಂಡನೂ ಹೋದ, ಅವಳು ಖಾನಾವಳಿ ತೆರೆದಳು. ಆ ಚಟ ಮಾತ್ರ ಬಿಡಲಿಲ್ಲ.

ಅಡುಗೆಮನೆಯಲ್ಲಿ ಅವಳಿಗೆ ಜೊತೆ ಮಾಲಾ. ದುಂಡಸಿಯ ಹುಡುಗಿ. ಗಂಡ ಲೋಹಿತ ಊರೂರಿಗೆ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಾನೆ. ಹೊಸದಾಗಿ ಬಂದಾಗ ಮಾಲಾ ಒಳಗೆ ಕಾಲಿಡಲು ಅನುಮಾನಿಸಿ ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. ಸಾವಂತ್ರವ್ವ, "ಹೊರಗ ನಿಂತು ಬ್ಯಾಳಿ ಕುದಸ್ತಿಯೇನು? ಬಾ ಒಳಗ" ಎಂದು ರೇಗಿ ಸವಟು ಕೈಗೆ ಕೊಟ್ಟಳು. ಅಷ್ಟಕ್ಕೇ ಆ ಹುಡುಗಿ ಇವಳನ್ನು ಹಚ್ಚಿಕೊಂಡಳು. ಇವಳಿಗೂ ಅಷ್ಟೇ, ಮಾಲಾ ಬರುವುದು ಹೊತ್ತಾದರೆ ರೊಟ್ಟಿ ತಟ್ಟುವ ಕೈ ನಿಲ್ಲುತ್ತಿತ್ತು.

ಖಾನಾವಳಿಯ ಜೀವ ಒಂದು ದೊಡ್ಡ ಕುಕ್ಕರ್. ಒಂದು ದಿನ ಗಿರಾಕಿಗಳ ಗದ್ದಲದಲ್ಲಿ ನೀರು ಇಂಗಿದ್ದು ಯಾರಿಗೂ ತಿಳಿಯಲಿಲ್ಲ. ಮುಚ್ಚಳದ ಮೇಲಿನ ಸೇಫ್ಟಿ ವಾಲ್ವ್‌ ಕರಗಿ, ಅಲ್ಲಿಂದ ಉಗಿ ಭುಸ್ಸೆಂದು ಎದ್ದಿತು. ಗ್ಯಾಸ್ ಆರಿಸಿ, ತಣಿಸಿ ನೋಡಿದರೆ ವಾಲ್ವ್‌ ಇದ್ದಲ್ಲಿ ಬರೀ ತೂತು.

ತೂತು! ಸಾವಂತ್ರವ್ವನ ಮುಂದೆ!

ಕುಕ್ಕರ್ ರಿಪೇರಿಯ ಉಸ್ಮಾನಸಾಬನ ಅಂಗಡಿಗೆ ಹೋದಳು. ಶುಕ್ರವಾರ, ಅವನು ನಮಾಜಿಗೆ ಹೋಗಿದ್ದ. ಸಂಜೆಯ ಊಟಕ್ಕೆ ಬೇಳೆ ಬೇಯಬೇಕು. ಮನೆಗೆ ಬಂದವಳೇ ಡಬ್ಬಿ ಸುರುವಿ ಒಂದು ಬೋಲ್ಟು ನಟ್ಟು ಹುಡುಕಿದಳು. ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಬಿಲ್ಲೆ ಮಾಡಿದಳು. "ಮಾಲಾ, ಪಾನಾ ಕೊಡು" ಎಂದು ಕೈ ಚಾಚಿ ಇಸಿದುಕೊಂಡು, ಬೋಲ್ಟನ್ನು ಆ ತೂತಿಗೆ ತೂರಿಸಿ ನಟ್ಟು ಬಿಗಿದೇ ಬಿಗಿದಳು. ಮೇಲೊಂದಿಷ್ಟು ಎಂ-ಸೀಲ್ ಮೆತ್ತಿದಳು. ಅವತ್ತು ಬೇಳೆ ಚೆನ್ನಾಗಿಯೇ ಬೆಂದಿತು. "ನೋಡು, ಒಂದ್ ಹನಿ ಸೋರವಲ್ದು" ಎಂದು ಮಾಲಾಗೆ ತೋರಿಸಿ ಹಿಗ್ಗಿದಳು. ನಾಳೆ ಹೊಸ ವಾಲ್ವ್‌ ತಂದರಾಯಿತು ಎಂದುಕೊಂಡಳು. ಸೋರದೆ ಇರುವುದನ್ನು ಯಾರು ನೆನಪಿಡುತ್ತಾರೆ? ಆ ನಾಳೆ ಬರಲೇ ಇಲ್ಲ.

ಮುಚ್ಚಳದ ಅಂಚಿನ ರಬ್ಬರ್ ರಿಂಗ್ ಕೂಡ ಹಳೆಯದಾಗಿ ಕಲ್ಲಿನಂತೆ ಬಿರುಸಾಗಿತ್ತು. ಅದರ ಸಂದಿನಿಂದ ಸುಂಯ್ ಸುಂಯ್ ಎಂದು ಉಗಿ ಹೋಗುತ್ತಿತ್ತು. ಇದನ್ನು ಸಾವಂತ್ರವ್ವ ಬಹಳ ಕಾಲ ಸಹಿಸುವವಳಲ್ಲ. ಬಸವ ಜಯಂತಿಯ ಹಿಂದಿನ ದಿನ ಉಸ್ಮಾನಸಾಬನ ಅಂಗಡಿಗೆ ಹೋಗಿ ರಿಂಗ್ ಕೇಳಿದಳು.

"ಮುಚ್ಚಳಾ ತಂದೀರೇನ್ರಿ ಅಕ್ಕಾರ? ನಾ ಮುಚ್ಚಳಾ ನೋಡದ ರಿಂಗ್ ಕೊಡೂದಿಲ್ಲ" ಎಂದ ಅವನು.

"ನಾಳೆ ಹಬ್ಬ ಐತಿ ಸಾಹೇಬ, ಹೋಳಿಗಿ ಮಾಡೂದೈತಿ. ಹಳೇ ರಿಂಗ್ ತಂದೇನಿ, ಅಳತಿ ನೋಡಿ ಕೊಡು."

ಉಸ್ಮಾನಸಾಬ ತಲೆ ಕೆರೆದುಕೊಂಡ. ಹಬ್ಬದ ಹೊತ್ತಲ್ಲಿ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಲು ಅವನಿಗೂ ಮನಸ್ಸಾಗಲಿಲ್ಲ. ಅದೇ ಕಂಪನಿಯ, ಅದೇ ಅಳತೆಯ ರಿಂಗ್ ತೆಗೆದುಕೊಟ್ಟ. "ದಿನಾ ಬಿಚ್ಚಿ ತೊಳದು, ಒರಸಿ, ಮೊಳಿಗೆ ಹಾಕ್ರಿ. ಮುಚ್ಚಳದಾಗ ಬಿಟ್ರ ಲಗೂನ ಬಿರಸಾಗತೈತಿ. ಸೀಟಿ ಕೊಳವಿ ಬೆಳಕಿಗೆ ಹಿಡದು ನೋಡ್ರಿ, ಆಚಿ ಕಡಿ ಕಾಣಬೇಕು" ಎಂದ. ಅವಳು ಹೂಂ ಹೂಂ ಎನ್ನುತ್ತ ಆಗಲೇ ಅಂಗಡಿಯ ಮೆಟ್ಟಿಲು ಇಳಿಯುತ್ತಿದ್ದಳು.

ಹಬ್ಬದ ದಿನ ಖಾನಾವಳಿ ತುಂಬಿತ್ತು. ಹೂರಣಕ್ಕೆಂದು ಮಾಲಾ ಕಡಲೆಬೇಳೆ ಏರಿಸಿದಳು. ಗಿರಾಕಿ ಜಾಸ್ತಿ ಎಂದು ಅರ್ಧಕ್ಕಿಂತ ಮೇಲೆಯೇ ತುಂಬಿದ್ದಳು. ಕಡಲೆಬೇಳೆ ಸಾಮಾನ್ಯದ್ದಲ್ಲ, ಕುದಿಯುವಾಗ ನೊರೆ ಕಟ್ಟಿ ಉಬ್ಬಿ ಮೇಲೇರುತ್ತದೆ. ಸಾವಂತ್ರವ್ವ ಮುಂದಿನ ಕೋಣೆಯಲ್ಲಿ ಬಡಿಸುತ್ತಿದ್ದಳು. ಅವಳ ಕೈ ಎಲೆಯ ಮೇಲೆ, ಕಿವಿ ಒಳಗೆ. ಅದೇ ಕಿವಿಯಿಂದಲೇ ಅವಳು ಇಷ್ಟು ವರ್ಷ ಅಡುಗೆಮನೆ ಆಳಿದ್ದು.

ಆ ಕಿವಿಗೆ ಏನೋ ಕಡಿಮೆ ಅನ್ನಿಸಿತು.

"ಮಾಲಾ, ಎಷ್ಟ್ ಸೀಟಿ ಆದವು?"

"ಒಂದೂ ಆಗಿಲ್ರಿ ಅವ್ವಾರ. ಆಗಿನಿಂದ ಉರಿ ಜೋರ ಮಾಡೇನಿ, ಕೂಗವಲ್ದು."

"ಅಂಚಿನ್ಯಾಗ ಸುಂಯ್ ಅನ್ನಾಕತ್ತೇತೇನು?"

"ಇಲ್ರಿ!" ಒಳಗಿನಿಂದ ಮಾಲಾ ನಕ್ಕಳು. "ನೀವು ತಂದ ಹೊಸಾ ರಿಂಗ್ ಭಾರಿ ಐತಿ ನೋಡ್ರಿ. ಒಂದ್ ಹನಿ ಸೋರವಲ್ದು."

ತನ್ನದೇ ಮಾತು. ಇಷ್ಟು ದಿನ ಹಿಗ್ಗಿನಿಂದ ಹೇಳಿದ ಮಾತು. ಅದನ್ನು ಕೇಳಿ ಸಾವಂತ್ರವ್ವ ಬಡಿಸುವುದನ್ನು ಬಿಟ್ಟು ಲೆಕ್ಕ ಹಾಕಿದಳು. ಸೀಟಿಯಿಂದ ಇಲ್ಲ, ಅಂಚಿನಿಂದ ಇಲ್ಲ. ಮೂರನೆಯ ದಾರಿಗೆ ತಾನೇ ಬೋಲ್ಟು ಬಿಗಿದಿದ್ದಾಳೆ. ಹಾಗಾದರೆ ಅಷ್ಟು ಹೊತ್ತಿನ ಉಗಿ ಎಲ್ಲಿದೆ?

ಸಾರಿನ ಪಾತ್ರೆ ಅಲ್ಲೇ ಕುಕ್ಕಿ ಓಡಿದಳು. ಮಾಲಾ ಒಲೆಯ ಮುಂದೆ ಬಾಗಿ, ಸೀಟಿಯನ್ನು ಸವಟಿನ ತುದಿಯಿಂದ ಎತ್ತಲು ಹೊರಟಿದ್ದಳು.

"ಮುಟ್ಟಬ್ಯಾಡ! ಯವ್ವಾ, ಮುಟ್ಟಬ್ಯಾಡ!"

ಸೆರಗು ಸಿಕ್ಕಿತು. ಸೆರಗು ಹಿಡಿದೇ ಎಳೆದಳು. ಹಿತ್ತಲ ಬಾಗಿಲು ದಾಟಿಸಿ ಗೋಡೆಯ ಮರೆಗೆ ನೂಕಿದಳು. ಸಿಲಿಂಡರ್ ಅಲ್ಲೇ ಹೊರಗಿತ್ತು. ಬಾಗಿಲ ಪಕ್ಕಕ್ಕೆ ಬಾಗಿ ರೆಗ್ಯುಲೇಟರ್ ತಿರುವಿದಳು. ಒಳಗೆ ಒಲೆ ಆರಿತು. ಆದರೆ ಕುಕ್ಕರಿನೊಳಗೆ ತುಂಬಿದ್ದು ತುಂಬಿಯೇ ಇತ್ತು.

ಢಮ್ಮೆಂದಿತು. ಓಣಿಯ ನಾಯಿಗಳೆಲ್ಲ ಬೊಗಳಿದವು. ಬಾಗಿಲಿನಿಂದ ಬಿಳಿ ಉಗಿ ನುಗ್ಗಿ ಬಂದು ಸಾವಂತ್ರವ್ವನ ಎಡಗಡೆಯ ಕತ್ತು, ಭುಜ ಸುಟ್ಟಿತು. ಆಮೇಲೆ ಹಂಚು ಉದುರುವ ಸಪ್ಪಳ. ಆ ಸಪ್ಪಳ ಅವಳಿಗೆ ಬಲಗಿವಿಯಲ್ಲಿ ಮಾತ್ರ ಕೇಳಿಸಿತು.

ಮುಂದಿನ ಕೋಣೆಯಲ್ಲಿದ್ದವರಿಗೆ ಏನೂ ಆಗಲಿಲ್ಲ, ಆ ಶಿವನ ದಯೆ. ಒಲೆ ಬಾಗಿ ಬಿದ್ದಿತ್ತು. ಬೇಳೆ ಗೋಡೆಗೆಲ್ಲ ಮೆತ್ತಿಕೊಂಡಿತ್ತು. ಮುಚ್ಚಳ ಛಾವಣಿಯ ಹಂಚು ಒಡೆದುಕೊಂಡು ಹಾರಿ ಹಿತ್ತಲಿಗೆ ಬಿದ್ದಿತ್ತು. ಒಡೆದ ಜಾಗ ಸರಿಯಾಗಿ ಮಾಲಾ ದಿನಾ ನಿಲ್ಲುವ ಜಾಗದ ಮೇಲೆ.

ಮಾಲಾ ಸುಟ್ಟ ಗಾಯಕ್ಕೆ ತಣ್ಣೀರು ಹನಿಸುತ್ತ ಕೂತಳು. ಲೋಹಿತ ತನ್ನ ಗಾಡಿಯಲ್ಲೇ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದ. ಎಡಗಿವಿ ಮತ್ತೆ ಪೂರ್ತಿ ಬರುವುದಿಲ್ಲ ಎಂದರು ಡಾಕ್ಟರು.

ಉಸ್ಮಾನಸಾಬ ನೋಡಲು ಬಂದ. ಮುಚ್ಚಳವನ್ನು ಮೊಣಕಾಲ ಮೇಲಿಟ್ಟುಕೊಂಡು ಸೀಟಿಯ ಕೊಳವೆಗೆ ತಂತಿ ತೂರಿಸಿದ. ಒಳಗೆ ಸಿಕ್ಕಿಕೊಂಡು ಒಣಗಿದ್ದ ಬೇಳೆಸಿಪ್ಪೆ ಹೊರಬಂತು. ಆಮೇಲೆ ಬೋಲ್ಟನ್ನು ಬೆರಳಿನಿಂದ ಸವರಿದ. ಅದು ಇನ್ನೂ ಗಟ್ಟಿಯಾಗಿಯೇ ಕೂತಿತ್ತು. ಅವನ ಮುಖ ಸಪ್ಪಗಾಯಿತು.

"ಅಕ್ಕಾರ, ಅವತ್ತ ಸೇಫ್ಟಿ ಕೆಟ್ಟಿರಲಿಲ್ರಿ. ತನ್ನ ಕೆಲಸ ಮಾಡಿತ್ತು. ತಾ ಕರಗಿ ನಿಮ್ಮನ್ನ ಉಳಿಸಿತ್ತು. ಅದರ ಜಾಗಾಕ್ಕ ಅಂಥಾದ್ದ ಹೊಸಾದು ಹಾಕಬೇಕಿತ್ತು." ಮುಚ್ಚಳವನ್ನು ಕೆಳಗಿಟ್ಟು ಹೇಳಿದ, "ನಾನೂ ಮುಚ್ಚಳಾ ನೋಡದ ರಿಂಗ್ ಕೊಟ್ಟೆ. ಹಳೇದು ಅಷ್ಟಿಷ್ಟು ಉಗಿ ಬಿಡತಿತ್ತು. ಹೊಸಾದು ಅದನ್ನೂ ಹಿಡೀತು."

ಸಾವಂತ್ರವ್ವ ಗೋಡೆಯ ಕಡೆ ಮುಖ ಮಾಡಿದಳು. ಕೂಸು ಹೋದ ಅಷ್ಟು ವರ್ಷಗಳ ಮೇಲೆ ಮೊದಲ ಸಲ ಅವಳು ಅತ್ತಳು. ಜೋರಾಗಿ ಅತ್ತಳು.

ಕೆಲವು ದಿನ ಮಾಲಾ ಬರಲಿಲ್ಲ. ಬರಲಿಕ್ಕಿಲ್ಲ ಎಂದೇ ಸಾವಂತ್ರವ್ವ ತಿಳಿದಳು. ಸಾಯಿಸಲು ಹೊರಟವಳ ಮನೆಗೆ ಯಾರು ಬರುತ್ತಾರೆ? ಒಂದು ಬೆಳಗ್ಗೆ ಹಿತ್ತಲ ಬಾಗಿಲು ಕಿರ್ರೆಂದಿತು. ಮಾಲಾ ಅಲ್ಲೇ, ಮೊದಲ ದಿನ ನಿಂತಲ್ಲೇ ನಿಂತಿದ್ದಳು.

"ಆ ಬೋಲ್ಟ್ ನಾನ ಹಾಕಿದ್ದು, ಮಾಲಾ. ನಿನ್ನ ತಲಿ ಮ್ಯಾಲೆ ನಾನ ಬಿಗದೆ."

"ಗೊತ್ತೈತ್ರಿ ಅವ್ವಾರ. ಪಾನಾ ಕೊಟ್ಟಾಕಿ ನಾನ ಅಲ್ಲೇನ್ರಿ?" ಎಂದಳು ಮಾಲಾ. ಕಣ್ಣೊರೆಸಿಕೊಂಡು ಒಳಗೆ ಬಂದು ಸವಟು ಹುಡುಕಿದಳು.

ಹೊಸ ಕುಕ್ಕರ್ ಬಂತು. ಈಗ ಮಾಲಾ ಪ್ರತಿ ಸಲ ಏರಿಸುವ ಮೊದಲು ಮುಚ್ಚಳ ಎತ್ತಿ ಕೊಳವೆಯಲ್ಲಿ ಬೆಳಕು ನೋಡುತ್ತಾಳೆ. ಸಾವಂತ್ರವ್ವ ವಾಲ್ವಿನ ಮೇಲೆ ಬೆರಳಾಡಿಸಿ, ಜಿಡ್ಡು ಕೂತಿಲ್ಲ ಎಂದು ನೋಡಿ ಹೂಂ ಅನ್ನಬೇಕು. ಬೇಳೆ ಅರ್ಧಕ್ಕಿಂತ ಮೇಲೆ ಹೋಗುವಂತಿಲ್ಲ. ಕೆಲಸ ಮುಗಿದ ಮೇಲೆ ರಿಂಗ್ ತೊಳೆದು ಮೊಳೆಗೆ. ಸೀಟಿ ಎಣಿಸುವುದು ಮಾಲಾಳ ಕಿವಿಯ ಪಾಲು.

ಆ ವರ್ಷದ ಮೊದಲ ಮಳೆ ಮಧ್ಯಾಹ್ನ ಬಂತು. ಹಂಚು ಒಡೆದ ಜಾಗದಿಂದ ನೀರು ಅಡುಗೆಮನೆಯೊಳಗೆ ಇಳಿಯಿತು. ಮಾಲಾ ಅಭ್ಯಾಸಬಲದಿಂದ ಹೊಸ ಹಂಚು ತಂದಿಟ್ಟು, ಏಣಿ ಹಚ್ಚಿ, "ಹತ್ತಲೇನ್ರಿ ಅವ್ವಾರ? ಸೋರಾಕತ್ತೇತಿ" ಎಂದಳು.

ಸಾವಂತ್ರವ್ವ ಮೇಲೆ ನೋಡಿದಳು. ಆ ತೂತಿನಿಂದ ಬೆಳಕು ಬೀಳುತ್ತಿತ್ತು, ಮಾಲಾಳ ನೆತ್ತಿಯ ಮೇಲೆ. ತೊಟ್ಟಿಲು ಎಳೆದ ಆ ಶ್ರಾವಣ ಅವಳ ಕಣ್ಣ ಮುಂದೆ ಬಂದು ಹೋಯಿತು. ಎದ್ದು ಹೋಗಿ ಒಂದು ಕೊಡ ತಂದು ನೀರು ಬೀಳುವಲ್ಲಿ ಇಟ್ಟಳು. ಮಾಲಾಳ ರಟ್ಟೆ ಹಿಡಿದು ಒಣಗಿದ ಕಡೆಗೆ ಸರಿಸಿದಳು.

"ಈ ವರ್ಷ ಇರ್ಲಿ ಬಿಡು" ಎಂದಳು. "ಸೋರ್ಲಿ."