ಅವ್ವ ಹಿಡಿಯದ ಹಿಡಿಕೆ

ಬಚ್ಚಲ ಬಾಗಿಲಿನ ಪಕ್ಕದ ಗೋಡೆಗೆ ನಾನೇ ಹಾಕಿಸಿದ ಹಿಡಿಕೆ ಕೈಗೆಟಕುವಷ್ಟು ಹತ್ತಿರ ಇರುವಾಗಲೇ ಅವ್ವ ಜಾರಿ ಬಿದ್ದಳು. ಎಲುಬು ಮುರಿಯಲಿಲ್ಲ, ಸೊಂಟಕ್ಕೆ ಬಲವಾಗಿ ಪೆಟ್ಟಾಯಿತು. ಕಲಬುರಗಿಯ ನನ್ನ ಅಣ್ಣನಿಗೆ ಅಷ್ಟೇ ಸಾಕಾಯಿತು. ಹದಿನೈದು ದಿನ ಬಿಟ್ಟು ಗಾಡಿ ತರುತ್ತೇನೆ, ಅಪ್ಪ ಅವ್ವ ಇಬ್ಬರೂ ನನ್ನ ಮನೆಗೆ ಬಂದುಬಿಡಲಿ ಎಂದು ಫೋನಿನಲ್ಲಿ ಹೇಳಿಬಿಟ್ಟ.

ಅಪ್ಪ ಅವ್ವ ಇರುವುದು ಚಿತ್ತಾಪುರದಲ್ಲಿ, ಅಪ್ಪ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಕಟ್ಟಿಸಿದ ಮನೆಯಲ್ಲಿ. ಅಣ್ಣನ ಮನೆ ಮೂರನೆಯ ಮಹಡಿಯಲ್ಲಿದೆ, ಅಲ್ಲಿ ಇರುವುದು ಒಂದೇ ಬಚ್ಚಲು. ಸೊಸೆ, ಮೊಮ್ಮಕ್ಕಳು, ಕೆಲಸದವಳು ಎಲ್ಲರೂ ಓಡಾಡುವ ಕಡೆ ತನ್ನ ಮಡಿ ಹೇಗೆ ನಡೆಯುತ್ತದೆ ಎಂಬುದು ಅವ್ವನ ಚಿಂತೆ. ‘ದೇವರ ಪೂಜಿ ಬಿಟ್ಟು ನಾ ಅಲ್ಲಿ ಹೋಗಿ ಏನ್ ಮಾಡ್ಲಿ?’ ಎಂದು ಅತ್ತಳು. ನನಗೆ ಸಂಕಟವಾಯಿತು, ಜೊತೆಗೆ ಸಿಟ್ಟೂ ಬಂತು.

‘ಅಲ್ಲೇ ಹಿಡಿಕೆ ಇತ್ತಲ್ಲವ್ವ, ಯಾಕ ಹಿಡೀಲಿಲ್ಲ?’

‘ಕೈಗೆ ಸಿಗಲಿಲ್ಲ ನೋಡು.’

ಸುಳ್ಳು ಎಂದು ಗೊತ್ತಾಯಿತು. ಅವಳ ತೋಳಿನ ಉದ್ದ ಅಳೆದೇ ಅದನ್ನು ಹಾಕಿಸಿದ್ದೆ.

ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಇಂಥ ಸಾಮಾನು ಮಾಡುವುದೇ ನನ್ನ ಉದ್ಯೋಗ. ಶಹಾಬಾದದಲ್ಲಿ ಡಿಪ್ಲೊಮಾ ಹುಡುಗರಿಗೆ ಮೆಕ್ಯಾನಿಕಲ್ ಪಾಠ ಹೇಳುವುದನ್ನು ಬಿಟ್ಟು, ಕಾಗಿಣಾ ನದಿ ದಂಡೆಯ ಊರಿನ ಒಬ್ಬ ವೆಲ್ಡರನ ಜೊತೆ ಸೇರಿ, ಒಂಟಿಯಾಗಿರುವ ಮುದುಕರಿಗೆ ಬೇಕಾದ ಸಾಮಾನು ಮಾಡುತ್ತಿದ್ದೆ. ನಿಮಗೇನು ತ್ರಾಸು ಎಂದು ಯಾರನ್ನೂ ಕೇಳಬಾರದು ಎನ್ನುವುದು ನನ್ನ ನಿಯಮವಾಗಿತ್ತು. ಕೇಳಿದರೆ ಎಲ್ಲರೂ ‘ಎಲ್ಲಾ ಛಲೋ ಅದರಿ’ ಎನ್ನುತ್ತಾರೆ. ಅದಕ್ಕೇ ಸುಮ್ಮನೆ ಕುಳಿತು ನೋಡುತ್ತಿದ್ದೆ. ಸೇಡಂನಲ್ಲಿ ಒಬ್ಬ ಅಜ್ಜಿ ಗ್ಯಾಸಿನ ಗುಂಡಿಯನ್ನು ಇಕ್ಕಳದಿಂದ ತಿರುಗಿಸುತ್ತಿದ್ದಳು. ಅದನ್ನು ನೋಡಿ ಗುಂಡಿಯ ಮೇಲೆ ಕೂರುವ ಉದ್ದನೆಯ ಹಿಡಿ ಮಾಡಿದೆವು. ಚಿಂಚೋಳಿಯಲ್ಲಿ ಒಬ್ಬ ಯಜಮಾನರು ಬೆರಳಲ್ಲಿ ಒತ್ತಲಾಗದೆ ಮಾತ್ರೆಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ, ಅರ್ಧ ಮಾತ್ರೆ ನೆಲಕ್ಕೆ ಚೆಲ್ಲುತ್ತಿದ್ದರು. ಅವರಿಗಾಗಿ ಅಂಗೈಯಿಂದ ಒತ್ತುವ ಸಣ್ಣ ಕಟ್ಟಿಗೆಯ ಅಚ್ಚು ಮಾಡಿದೆವು. ಕಂಡವರ ಮನೆಯಲ್ಲಿ ಇಷ್ಟೆಲ್ಲ ನೋಡಿದ ನಾನು ಸ್ವಂತ ಅವ್ವನ ಮನೆಯಲ್ಲಿ ಏನೂ ನೋಡಿರಲಿಲ್ಲ.

ಹೇಗೆ ನೋಡುತ್ತಿದ್ದೆ? ಶಹಾಬಾದದಿಂದ ಹೊರಟು ವಾಡಿಯಲ್ಲಿ ರೈಲು ಬದಲಿಸಿ ನಾನು ಮನೆ ಮುಟ್ಟುವಾಗ ಹತ್ತು ದಾಟಿರುತ್ತಿತ್ತು. ಅಷ್ಟೊತ್ತಿಗೆ ಸ್ನಾನ, ಪೂಜೆ, ಅಡುಗೆ ಎಲ್ಲ ಮುಗಿಸಿ ಅವ್ವ ನಗುತ್ತ ಬಾಗಿಲಲ್ಲಿ ನಿಂತಿರುತ್ತಿದ್ದಳು. ಮಗಳು ಬಂದಿದ್ದಾಳೆಂದು ಮುಂದಿನ ಆರು ತಾಸು ಅವಳಿಗೆ ಯಾವ ನೋವೂ ಇರುತ್ತಿರಲಿಲ್ಲ.

ಈ ಸಲ ಹಿಂದಿನ ದಿನವೇ ಹೋಗಿ ಉಳಿದೆ. ಬೆಳಗಿನ ಐದಕ್ಕೆ ಎದ್ದರೆ ಅಪ್ಪ ಆಗಲೇ ಪಡಸಾಲೆಯ ಕೊನೆಯಲ್ಲಿ, ಬಚ್ಚಲ ಬಾಗಿಲು ಕಾಣುವ ಹಾಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಕೈಯಲ್ಲಿ ನಿನ್ನೆಯ ಪೇಪರ್, ದೀಪ ಮಾತ್ರ ಹಚ್ಚಿರಲಿಲ್ಲ.

‘ಇಷ್ಟು ಲಗೂ ಯಾಕ ಎದ್ದೀಯಪ್ಪ?’

‘ನಿದ್ದಿ ಬರಂಗಿಲ್ಲವಾ’ ಎಂದ, ಬಾಗಿಲಿನಿಂದ ಕಣ್ಣು ತೆಗೆಯದೆ.

ಅವ್ವ ಒದ್ದೆ ಸೀರೆಯಲ್ಲೇ ಹೊರಗೆ ಬಂದಳು. ಎರಡೂ ಮೊಳಕೈಗಳನ್ನು ಮೈಗೆ ಒತ್ತಿಕೊಂಡು, ಗೋಡೆಗೆ ತಾಗದ ಹಾಗೆ, ಪಾಲಿಶ್ ಮಾಡಿದ ಶಹಾಬಾದಿ ಕಲ್ಲಿನ ಮೇಲೆ ಹೆಜ್ಜೆ ಇಟ್ಟಳು. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಡಿಕೆಯ ಹತ್ತಿರ ಬಂದಾಗ ಆ ಕಡೆಯ ಕೈಯನ್ನು ಇನ್ನಷ್ಟು ಒಳಗೆ ಎಳೆದುಕೊಂಡಳು. ಎಂಟು ಹೆಜ್ಜೆ ದಾಟಿ ದೇವರ ಕೋಣೆಯ ಮುಂದೆ ನಿಂತು, ಸೂರಿನ ಕೆಳಗೆ ತೂಗುಹಾಕಿದ ಗಳದಿಂದ ಒಣಗಿದ ಮಡಿಸೀರೆಯನ್ನು ಕೋಲಿನಲ್ಲಿ ಎತ್ತಿ ತೆಗೆದಳು. ಕತ್ತು ಹಿಂದಕ್ಕೆ ಬಾಗಿತ್ತು, ಎರಡೂ ಕೈ ಕೋಲಿನ ಮೇಲಿದ್ದವು, ಕಾಲ ಕೆಳಗೆ ನೀರು ನಿಂತಿತ್ತು. ಅವಳು ಸೀರೆ ತೆಗೆದುಕೊಂಡು ಒಳಗೆ ಹೋಗುವವರೆಗೂ ಅಪ್ಪ ಕುರ್ಚಿಯ ತುದಿಯಲ್ಲಿದ್ದ.

ನನಗೆ ನಾಚಿಕೆಯಾಯಿತು. ಕೈ ಜಾರಬಾರದೆಂದು ಆ ಹಿಡಿಕೆಗೆ ದಪ್ಪ ಹತ್ತಿಯ ಹಗ್ಗವನ್ನು ನಾನೇ ಕುಳಿತು ನೀಟಾಗಿ ಸುತ್ತಿದ್ದೆ. ಹತ್ತಿ ಮೈಲಿಗೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಡಿಯಲ್ಲಿದ್ದವರು ಅದನ್ನು ಮುಟ್ಟಿದರೆ ತಿರುಗಿ ಸ್ನಾನ ಮಾಡಬೇಕು. ಇದನ್ನು ನಾನು ನಡೆಯಲು ಕಲಿಯುವ ಮೊದಲೇ ಕಲಿತಿದ್ದೆ, ಕಾಲೇಜಿಗೆ ಹೋಗಿ ಮರೆತೆ.

ಹಗ್ಗದ ಮೈಲಿಗೆಗೇ ಹಿಡಿಕೆ ಮುಟ್ಟಲಿಲ್ಲವೇ ಎಂದು ಪೂಜೆ ಮುಗಿದ ಮೇಲೆ ಕೇಳಿದೆ. ಅವ್ವ ತಲೆ ತಗ್ಗಿಸಿದಳು.

‘ಮೊದಲ ಹೇಳಬಾರದಿತ್ತೇನವ್ವ?’

‘ನೀ ಅಷ್ಟು ಅಕ್ಕರ್ತಿಲೆ ಸುತ್ತೀದಿ. ಹ್ಯಾಂಗ ಹೇಳಲಿ?’

ಅಪ್ಪ ಆಗ ಬಾಯಿಬಿಟ್ಟ. ‘ಬಿದ್ದಾಗ ಎಬ್ಬಸ್ಲಿಕ್ಕೆ ಹೋದೆ. ಮುಟ್ಟಬ್ಯಾಡ್ರಿ ಅಂದಳು. ಕೈ ಮುಂದ ಮಾಡ್ಕೊಂಡು ಹಂಗೇ ನಿಂತಿದ್ದೆ ನೋಡವಾ. ಎಷ್ಟೊತ್ತು ನಿಂತೆನೋ.’ ನನಗೆ ಅಳು ಬಂತು.

ಮಡಿಯಲ್ಲಿ ನನಗೆ ನಂಬಿಕೆ ಇಲ್ಲ. ಅದು ಯಾರ್ಯಾರನ್ನು ದೂರ ನಿಲ್ಲಿಸಿದೆ ಎಂಬುದೂ ಗೊತ್ತು. ಆ ಜಗಳವನ್ನು ಅವ್ವನ ಜೊತೆ ಇಪ್ಪತ್ತು ವರ್ಷ ಆಡಿ ಸೋತಿದ್ದೇನೆ. ಈಗ ಅಣ್ಣ ಗಾಡಿ ತರಲು ಉಳಿದಿದ್ದು ಎಂಟೇ ದಿನ, ಅಷ್ಟರಲ್ಲಿ ಅವಳು ಬೀಳದಂತೆ ಮಾಡುವುದು ಬೇಕಾಗಿತ್ತು.

ವೆಲ್ಡರ್ ಬಂದ. ಹಗ್ಗವನ್ನು ಕಿತ್ತೆಸೆದೆವು. ದಪ್ಪ ಸ್ಟೀಲ್ ಸರಳುಗಳಿಗೆ ಅವನು ಲೇಥ್ ಮೇಲೆ ಸಣ್ಣ ಗೀರು ಹೊಡೆಸಿಕೊಂಡು ಬಂದಿದ್ದ, ಒದ್ದೆ ಕೈಗೂ ಹಿಡಿತ ಸಿಗುವ ಹಾಗೆ. ಲೋಹವಾದರೆ ನೀರು ಹಾಕಿದರೆ ಸಾಕು, ಮಡಿಗೆ ಬರುತ್ತದೆ. ಬಚ್ಚಲಿನಿಂದ ದೇವರ ಕೋಣೆಯವರೆಗೆ ಎಂಟೂ ಹೆಜ್ಜೆಗೆ ಅದನ್ನೇ ಜೋಡಿಸಿದೆವು. ಆ ದಾರಿಯ ಕಲ್ಲಿನ ಪಾಲಿಶನ್ನು ಉಳಿಯಿಂದ ಒಡೆಸಿ ಒರಟು ಮಾಡಿಸಿದೆವು. ಗಳಕ್ಕೆ ಬಾವಿಯ ರಾಟೆಯಂಥ ಎರಡು ಗಡಗಡಿ, ಒಂದು ಸ್ಟೀಲ್ ಸರಪಳಿ ಹಾಕಿದೆವು. ಸರಪಳಿ ಸಡಿಲಿಸಿದರೆ ಗಳ ಎದೆಮಟ್ಟಕ್ಕೆ ಇಳಿಯುತ್ತದೆ, ಎಳೆದು ಗೋಡೆಯ ಕೊಕ್ಕೆಗೆ ಸಿಕ್ಕಿಸಿದರೆ ಮೇಲೆ ನಿಲ್ಲುತ್ತದೆ. ಬಾವಿ ನೀರು ಸೇದಿದ ಕೈಗೆ ಅದನ್ನು ಹೇಳಿಕೊಡಬೇಕಾಗಲಿಲ್ಲ.

ಕೆಲಸ ಮುಗಿದದ್ದೇ ತಡ, ಅವ್ವ ಕೊಡ ತಂದು ಸರಳಿಗೆಲ್ಲ ನೀರು ಸುರಿದಳು. ವೆಲ್ಡರನ ಮುಂದೆಯೇ. ನಾನು ಮುಖ ತಿರುಗಿಸಿದೆ.

‘ಹಾಕ್ಲಿ ಬಿಡ್ರಿ ಅಕ್ಕಾ, ತುಕ್ಕು ಹಿಡಿಯಂಗಿಲ್ಲ ಇದು’ ಎಂದು ಅವನು ನಕ್ಕ. ಆ ನಗು ನನ್ನ ಮುಜುಗರವನ್ನು ಕಡಿಮೆ ಮಾಡಲಿಲ್ಲ.

ಅಣ್ಣನಿಗೆ ಮಾತ್ರ ಒಂದು ಷರತ್ತು ಹಾಕಿದೆ. ಹತ್ತು ಗಂಟೆಗೆ ಬರಬೇಡ, ಹಿಂದಿನ ಸಂಜೆಯೇ ಬಂದು ಉಳಿ, ಬೆಳಗ್ಗೆ ನೋಡಿ ಆಮೇಲೆ ಕರೆದುಕೊಂಡು ಹೋಗು. ಗೊಣಗುತ್ತ ಬಂದ.

ಐದಕ್ಕೆ ಅವನನ್ನು ಎಬ್ಬಿಸಿ ಪಡಸಾಲೆಯಲ್ಲಿ ಕೂರಿಸಿದೆ. ಅವ್ವ ಹೊರಗೆ ಬಂದಳು. ಒಂದು ಕೈ ಸರಳಿನ ಮೇಲಿತ್ತು. ಆತುರವಿಲ್ಲದೆ ಎಂಟು ಹೆಜ್ಜೆ ನಡೆದು, ಸರಳು ಬಿಡದೆಯೇ ಇನ್ನೊಂದು ಕೈಯಿಂದ ಸರಪಳಿ ಸಡಿಲಿಸಿದಳು. ಗಳ ಕೆಳಗಿಳಿಯಿತು, ಸೀರೆ ತೆಗೆದುಕೊಂಡು ಒಳಗೆ ಹೋದಳು. ಮೂಲೆಯ ಕೋಲು ಮೂಲೆಯಲ್ಲೇ ಇತ್ತು.

ಅಣ್ಣ ಸೋಲು ಒಪ್ಪುವವನಲ್ಲ. ಸರಳನ್ನು ಎಳೆದು ನೋಡಲು ಎದ್ದ, ಕೂಡಲೇ ಒಳಗಿನಿಂದ ‘ಮುಟ್ಟಬ್ಯಾಡೋ!’ ಎಂಬ ಕೂಗು ಬಂತು. ಕೈ ಹಿಂದಕ್ಕೆ ತೆಗೆದುಕೊಂಡು ಸುತ್ತಲೂ ನೋಡಿದ.

‘ಅವ್ವ ಹೊರಗ ಬರೂತನಕ ಅಪ್ಪ ಇಲ್ಲೇ ಕುಂತಿರ್ತಾನ ಅಂದಿದ್ದಿ. ಎಲ್ಲಿ?’

ನಾನೂ ಆಗಲೇ ನೋಡಿದ್ದು. ಕುರ್ಚಿ ಖಾಲಿಯಿತ್ತು. ಇಬ್ಬರೂ ಹೋಗಿ ಕೋಣೆಯ ಬಾಗಿಲು ಮೆಲ್ಲಗೆ ದೂಡಿದೆವು. ಅಪ್ಪ ಗೋಡೆಯ ಕಡೆ ಮುಖ ಮಾಡಿ, ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡು ಗೊರಕೆ ಹೊಡೆಯುತ್ತಿದ್ದ.

ಅಣ್ಣ ಬಾಗಿಲು ಮುಂದೆ ಮಾಡಿ, ಗಾಡಿಯ ಡ್ರೈವರನಿಗೆ ಫೋನ್ ಹಚ್ಚಿದ. ‘ನಾ ಒಬ್ಬನ ಬರ್ತೀನಿ’ ಎಂದ.